ಗರ್ಭಿಣಿಯ ಕಾಲು ಊತ: ಜೊತೆಗೆ ತಲೆನೋವು, ಕಣ್ಣು ಮಂಜಾದರೆ ಅಂದೇ ಬಿಪಿ ನೋಡಿಸಿ

ಏಳು ತಿಂಗಳು ದಾಟುತ್ತಿದ್ದಂತೆ ಅನೇಕ ಗರ್ಭಿಣಿಯರಿಗೆ ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯಾಗುತ್ತದೆ. ಕಾಲ್ಗೆಜ್ಜೆ ಒತ್ತಿದ ಗುರುತು ಹಾಗೇ ಉಳಿಯುತ್ತದೆ. "ಬಸುರಿಯಲ್ಲಿ ಕಾಲು ಊದದೇ ಇರುತ್ತದೆಯೇ?" ಎಂದು ಮನೆಯ ಹಿರಿಯರು ಧೈರ್ಯ ಹೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಅವರ ಮಾತು ನಿಜ. ಆದರೆ ಊತದ ಜೊತೆಗೆ ಬಿಡದ ತಲೆನೋವು ಬಂದರೆ ಅಥವಾ ಕಣ್ಣು ಮಂಜಾದರೆ ಅದು ಪ್ರಿಎಕ್ಲಾಂಪ್ಸಿಯಾ ಆಗಿರಬಹುದು. ಇದು ಗರ್ಭಿಣಿಯ ರಕ್ತದೊತ್ತಡ ಏರಿ ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಪೆಟ್ಟು ಕೊಡುವ ಕಾಯಿಲೆ. ಕಾಲು ಎಷ್ಟು ಊದಿದೆ ಎಂಬುದರಿಂದ ಇದು ತಿಳಿಯುವುದಿಲ್ಲ. ಬಿಪಿ ಅಳೆದರಷ್ಟೇ ತಿಳಿಯುತ್ತದೆ.

ಸಾಮಾನ್ಯ ಊತಕ್ಕೆ ಕಾರಣವೇನು?

ಗರ್ಭಾವಸ್ಥೆಯಲ್ಲಿ ದೇಹದ ರಕ್ತದ ಪ್ರಮಾಣ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಬೆಳೆದ ಗರ್ಭಕೋಶವು ಕಾಲಿನಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಹೀಗಾಗಿ ರಕ್ತ ಮೇಲಕ್ಕೆ ಹೋಗುವುದು ನಿಧಾನವಾಗಿ, ಅದರಲ್ಲಿನ ನೀರಿನಂಶ ಪಾದ ಮತ್ತು ಕಣಕಾಲಿನ ಸುತ್ತ ಸೇರಿಕೊಳ್ಳುತ್ತದೆ.

ಈ ಊತ ಎರಡೂ ಕಾಲುಗಳಲ್ಲಿ ಇರುತ್ತದೆ. ಹೆಚ್ಚು ಹೊತ್ತು ನಿಂತಾಗ, ಬಿಸಿಲಿನಲ್ಲಿ, ಬಸ್ಸು ಅಥವಾ ರೈಲಿನಲ್ಲಿ ಕಾಲು ಇಳಿಬಿಟ್ಟು ಕುಳಿತಾಗ ಜಾಸ್ತಿಯಾಗುತ್ತದೆ. ರಾತ್ರಿ ಮಲಗಿ ಎದ್ದರೆ ಬಹುಪಾಲು ಇಳಿದಿರುತ್ತದೆ. ಎಡಮಗ್ಗುಲಿಗೆ ಮಲಗುವುದು, ಕಾಲಿನ ಕೆಳಗೆ ದಿಂಬು ಇಡುವುದು, ಆಗಾಗ ಎದ್ದು ನಡೆಯುವುದು ಇದಕ್ಕೆ ಸಾಕು. ಆದರೆ ಒಂದೇ ಕಾಲು ಊದಿ, ನೋವಿದ್ದು, ಮುಟ್ಟಿದರೆ ಬಿಸಿಯಾಗಿದ್ದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ಅದನ್ನೂ ಅಂದೇ ವೈದ್ಯರಿಗೆ ತೋರಿಸಬೇಕು.

ತಲೆನೋವು, ಮಂಜು ಕಣ್ಣು ಏಕೆ?

ಪ್ರಿಎಕ್ಲಾಂಪ್ಸಿಯಾದ ಮೂಲ ಮಾಸು, ಅಂದರೆ ಮಗುವಿಗೆ ಆಹಾರ ಒದಗಿಸುವ ಪ್ಲಾಸೆಂಟಾ. ಅದಕ್ಕೆ ರಕ್ತ ಸರಿಯಾಗಿ ಹರಿಯದಿದ್ದಾಗ ಅದು ಬಿಡುಗಡೆ ಮಾಡುವ ಕೆಲವು ಪ್ರೋಟೀನ್‌ಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ರಕ್ತನಾಳಗಳು ಬಿಗಿಯಾಗಿ ಬಿಪಿ ಏರುತ್ತದೆ. ಜೊತೆಗೆ ಅವು ಸೋರತೊಡಗುತ್ತವೆ.

ಮೂತ್ರಪಿಂಡದಲ್ಲಿ ಸೋರಿದರೆ ಮೂತ್ರದಲ್ಲಿ ಪ್ರೋಟೀನ್ ಕಾಣುತ್ತದೆ. ಮಿದುಳಿನಲ್ಲಿ ಹೀಗಾದರೆ ಮಾತ್ರೆಗೂ ಬಗ್ಗದ ತಲೆನೋವು ಬರುತ್ತದೆ. ಮಿದುಳಿನ ಹಿಂಭಾಗದ ದೃಷ್ಟಿ ಕೇಂದ್ರ ಅಥವಾ ಕಣ್ಣಿನ ಒಳಪರದೆಗೆ ತೊಂದರೆಯಾದರೆ ಮಂಜು, ಮಿಂಚಿನಂಥ ಬೆಳಕು, ಕಪ್ಪು ಚುಕ್ಕೆ ಕಾಣಿಸುತ್ತವೆ. ಈ ಹಂತದಲ್ಲಿ ಚಿಕಿತ್ಸೆ ಸಿಗದಿದ್ದರೆ ಫಿಟ್ಸ್ ಬರಬಹುದು. ಅದೇ ಎಕ್ಲಾಂಪ್ಸಿಯಾ.

ಹೀಗೊಂದು ಉದಾಹರಣೆ

26 ವರ್ಷದ ಮಹಿಳೆ, ಮೊದಲ ಬಸಿರು, ಪುಣೆಯಲ್ಲಿ ವಾಸ ಎಂದುಕೊಳ್ಳೋಣ. 28ನೇ ವಾರದಲ್ಲಿ ಆಕೆಯ ಬಿಪಿ 104/66, 32ನೇ ವಾರದಲ್ಲಿ 118/76. ಸಂಜೆ ಪಾದ ಊದುತ್ತಿತ್ತು, ಬೆಳಗ್ಗೆ ಇಳಿಯುತ್ತಿತ್ತು. ಹೆರಿಗೆಗೆಂದು ರೈಲಿನಲ್ಲಿ ಹುಬ್ಬಳ್ಳಿಯ ತವರಿಗೆ ಬಂದಳು.

35ನೇ ವಾರದಲ್ಲಿ ಚಿತ್ರ ಬದಲಾಯಿತು. ಬೆಳಗ್ಗೆ ಎದ್ದಾಗಲೇ ಮುಖ ಊದಿತ್ತು, ಉಂಗುರ ಬೆರಳಿನಿಂದ ಬರಲಿಲ್ಲ. ಒಂದೇ ವಾರದಲ್ಲಿ ಎರಡು ಕಿಲೋ ತೂಕ ಏರಿತ್ತು. ಪ್ರಯಾಣದ ಆಯಾಸ ಎಂದುಕೊಂಡರು. ಮರುದಿನ ತಲೆನೋವು ಶುರುವಾಯಿತು. ಪ್ಯಾರಸಿಟಮಾಲ್ ನುಂಗಿದರೂ ಹೋಗಲಿಲ್ಲ. "ಪಿತ್ತ ಆಗಿರಬೇಕು" ಎಂದು ಮನೆಯವರು ಶುಂಠಿ ಕಷಾಯ ಕೊಟ್ಟರು. ಸಂಜೆ ಟಿವಿ ನೋಡುವಾಗ ಕಣ್ಣ ಮುಂದೆ ಚುಕ್ಕೆಗಳು ಓಡಿದವು.

ಆಸ್ಪತ್ರೆಯಲ್ಲಿ ಬಿಪಿ 164/112 ಇತ್ತು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗಲೂ ಹೆಚ್ಚೂಕಡಿಮೆ ಅಷ್ಟೇ. ಮೂತ್ರದಲ್ಲಿ ಪ್ರೋಟೀನ್ ಎರಡು ಪ್ಲಸ್. 20ನೇ ವಾರದ ನಂತರ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಧಿಕ ರಕ್ತದೊತ್ತಡ. 160/110 ತಲುಪಿದರೆ ತುರ್ತು ಸ್ಥಿತಿ. ಬಿಪಿ ಇಳಿಸುವ ಔಷಧ ಮತ್ತು ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ತಕ್ಷಣ ಶುರುವಾದವು. ಪ್ಲೇಟ್‌ಲೆಟ್, ಯಕೃತ್ತು, ಮೂತ್ರಪಿಂಡದ ರಕ್ತಪರೀಕ್ಷೆಗಳಾದವು. ಕಾಯಿಲೆಯ ಮೂಲ ಮಾಸಿನಲ್ಲೇ ಇರುವುದರಿಂದ ಹೆರಿಗೆಯೇ ನಿಜವಾದ ಚಿಕಿತ್ಸೆ. ತೀವ್ರ ಲಕ್ಷಣಗಳಿದ್ದು 34 ವಾರ ದಾಟಿದ್ದರೆ ವೈದ್ಯರು ಸಾಮಾನ್ಯವಾಗಿ ಕಾಯುವುದಿಲ್ಲ. ತಾಯಿಯ ಸ್ಥಿತಿ ಹತೋಟಿಗೆ ಬಂದ ಮೇಲೆ ಹೆರಿಗೆ ಮಾಡಿಸುತ್ತಾರೆ.

ಆಕೆಯ ಹಳೆಯ ಬಿಪಿ ಅಂಕಿಗಳಿದ್ದ ಪುಣೆಯ ಫೈಲ್ ಕೈಯಲ್ಲಿದ್ದದ್ದು ವೈದ್ಯರಿಗೆ ನೆರವಾಯಿತು. ಬಿಪಿ ಮೊದಲಿನಿಂದಲೇ ಹೆಚ್ಚಿತ್ತೇ, ಈಗ ಏರಿತೇ ಎಂಬುದು ಅದರಿಂದ ತಕ್ಷಣ ತಿಳಿಯಿತು. ಹೆರಿಗೆಗೆ ಊರು ಬದಲಿಸುವವರು ತಾಯಿ ಕಾರ್ಡ್ ಅಥವಾ ತಪಾಸಣೆಯ ಫೈಲ್ ಬಿಟ್ಟು ಬರಬಾರದು. ತವರು ತಲುಪಿದ ವಾರದಲ್ಲೇ ಒಮ್ಮೆ ಬಿಪಿ ನೋಡಿಸಬೇಕು.

ತಡವಾಗುವುದು ಎಲ್ಲಿ?

ಈ ಕಾಯಿಲೆಯ ಲಕ್ಷಣಗಳಿಗೆ ಮನೆಯಲ್ಲಿ ಬೇರೆ ಹೆಸರುಗಳು ಸಿದ್ಧವಾಗಿರುತ್ತವೆ. ತಲೆನೋವಿಗೆ ನಿದ್ದೆಗೇಡು ಅಥವಾ ಪಿತ್ತ, ಕಣ್ಣು ಮಂಜಾದರೆ ನಿಶ್ಶಕ್ತಿ ಎನ್ನುತ್ತಾರೆ. ಪಕ್ಕೆಲುಬಿನ ಕೆಳಗೆ, ಬಲಭಾಗದಲ್ಲಿ ನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಡುತ್ತಾರೆ. ಆ ನೋವು ಯಕೃತ್ತಿನದ್ದೂ ಆಗಿರಬಹುದು.

ಬಾರ್ಲಿ ನೀರು ಕುಡಿದರೆ ತಪ್ಪಿಲ್ಲ, ಆದರೆ ಅದರಿಂದ ಈ ಬಿಪಿ ಇಳಿಯುವುದಿಲ್ಲ. ಉಪ್ಪು ಪೂರ್ತಿ ಬಿಟ್ಟರೂ ಪ್ರಿಎಕ್ಲಾಂಪ್ಸಿಯಾ ತಪ್ಪುವುದಿಲ್ಲ. ಊತ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆಯನ್ನಾಗಲಿ, ಮನೆಯಲ್ಲಿ ಬೇರೆಯವರು ನುಂಗುವ ಬಿಪಿ ಮಾತ್ರೆಯನ್ನಾಗಲಿ ಕೊಡಲೇಬಾರದು. ಕೆಲವು ಬಿಪಿ ಔಷಧಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಕರ.

ಊತವೇ ಇಲ್ಲದೆಯೂ ಪ್ರಿಎಕ್ಲಾಂಪ್ಸಿಯಾ ಬರಬಹುದು. ಕಾಲು ತುಂಬಾ ಊದಿದ್ದರೂ ಬಿಪಿ ಸರಿಯಿರಬಹುದು. ಆದ್ದರಿಂದಲೇ ವೈದ್ಯರು ಈಗ ಊತವನ್ನು ಈ ಕಾಯಿಲೆ ಗುರುತಿಸುವ ಮಾನದಂಡವಾಗಿ ಪರಿಗಣಿಸುವುದಿಲ್ಲ.

ಮನೆಯಲ್ಲಿ ಬಿಪಿ ನೋಡುವಾಗ

ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಅಳೆಯಬೇಕು. ಬೆನ್ನಿಗೆ ಆಸರೆ ಇರಲಿ, ಪಾದಗಳು ನೆಲದ ಮೇಲಿರಲಿ, ತೋಳಿನ ಪಟ್ಟಿ ಹೃದಯದ ಮಟ್ಟದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 140/90 ಅಥವಾ ಹೆಚ್ಚಿದ್ದರೆ ಅಂದೇ ವೈದ್ಯರನ್ನು ಕಾಣಬೇಕು. 160/110 ಇದ್ದರೆ, ಅಥವಾ ಬಿಪಿ ಎಷ್ಟೇ ಇದ್ದರೂ ಬಿಡದ ತಲೆನೋವು, ಕಣ್ಣು ಮಂಜು, ಮೇಲ್ಹೊಟ್ಟೆ ನೋವು, ಉಸಿರಾಟದ ತೊಂದರೆ ಇದ್ದರೆ ತಕ್ಷಣ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 112ಕ್ಕೆ ಕರೆ ಮಾಡಬಹುದು. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನನ್ನೂ ಹಾಕಬಾರದು.

ಹೆರಿಗೆಯಾದ ಮೇಲೂ ಎಚ್ಚರ

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾಲಿನ ಊತ ಸ್ವಲ್ಪ ಹೆಚ್ಚುವುದು ಸಹಜ. ಆದರೆ ಪ್ರಿಎಕ್ಲಾಂಪ್ಸಿಯಾ ಹೆರಿಗೆಯ ನಂತರ ಆರು ವಾರಗಳವರೆಗೂ ಕಾಣಿಸಿಕೊಳ್ಳಬಹುದು. ಮೊದಲ ವಾರ ಹೆಚ್ಚು ಅಪಾಯದ ಸಮಯ. ಗರ್ಭಿಣಿಯಾಗಿದ್ದಾಗ ಬಿಪಿ ಸರಿಯಿದ್ದವರಿಗೂ ಹೀಗಾಗಬಹುದು. ಬಾಣಂತಿಗೆ ತಲೆನೋವು ಬಂದಾಗ ಶೀತವಾಯಿತು ಎಂದು ತಲೆಗೆ ಬಟ್ಟೆ ಕಟ್ಟಿ ಮಲಗಿಸುವ ಮೊದಲು ಬಿಪಿ ನೋಡಿಸಬೇಕು.