ಪಾರಸಿಕರ 'ತಾರೊಫ್'

ತೊರಗಲ್ಲ ನಾಡು ಬಹುಕಾಲ ವಿಜಾಪುರದ ಆದಿಲಶಾಹಿಯ ಆಳಿಕೆಯಲ್ಲಿದ್ದಿತು. 1686ರಲ್ಲಿ ಆ ರಾಜ್ಯವಳಿದರೂ ದರಬಾರಿನ ಪಾರಸಿ ಮಾತುಗಳು ಈ ಕಡೆಯ ಮನೆಗಳಲ್ಲಿ ಉಳಿದುಕೊಂಡವು. ಔತಣಕ್ಕೆ ನಾವಾಡುವ 'ಮೇಜವಾನಿ'ಯೂ ಅಂಥದೇ. ಪಾರಸಿಯಲ್ಲಿ 'ಮೇಜಬಾನ'ನೆಂದರೆ ಆತಿಥ್ಯ ನಡೆಯಿಸುವವನು. ಆ ಮೇಜಬಾನನಿಗೂ ಅತಿಥಿಗೂ ನಡುವೆ ಇರಾಣದಲ್ಲಿ ಇಂದಿಗೂ ನಡೆಯುವ ಮರ್ಯಾದೆಯೇ 'ತಾರೊಫ್'.

ಚಹದ ಬಟ್ಟಲು ಮುಂದೆ ಬಂದೊಡನೆ ಅತಿಥಿಯು ಕೈ ನೀಡಲಾಗದು. 'ತಮಗೇಕೆ ತೊಂದರೆ' ಎಂದು ಒಮ್ಮೆ, ಮತ್ತೊಮ್ಮೆ ನಿರಾಕರಿಸಿ, ಮೂರನೆಯ ಒತ್ತಾಯಕ್ಕೆ ಸ್ವೀಕರಿಸಬೇಕು. ಮೂರೆಂಬುದು ಕಟ್ಟಳೆಯಲ್ಲ, ಅಂದಾಜು. ಒತ್ತಾಯದ ಬಲವನ್ನು ನೋಡಬೇಕು. ಎರಡನೆಯ ನಿರಾಕರಣೆಗೇ ಯಜಮಾನನು ಸುಮ್ಮನಾದರೆ ಅದು ಬರಿಯ ಉಪಚಾರವೆಂದು ತಿಳಿಯತಕ್ಕದ್ದು. ಅಡಿಗೆಮನೆಯಲ್ಲಿ ಏನೂ ಇಲ್ಲದ ಬಡವನೂ ಹೀಗೆ ಊಟಕ್ಕೆ ಕರೆಯಬಲ್ಲನು. ಅತಿಥಿಯ ನಿರಾಕರಣೆಯೇ ಅವನ ಮಾನವನ್ನು ಕಾಯುವದು. ನಿಜವಾಗಿಯೇ ಬೇಡವಾದವನು ಮಾತ್ರ ಕಾರಣವನ್ನು ಹೇಳಬೇಕು. ಬರಿಯ 'ಬೇಡ'ವನ್ನು ಅಲ್ಲಿ ಯಾರೂ ನಂಬರು. 'ಈಗಷ್ಟೇ ಉಂಡು ಬಂದೆ' ಎನ್ನುವ ನಮ್ಮ ಹಳ್ಳಿಗರಿಗೆ ಇದು ತೀರ ಹೊಸದಲ್ಲ.

ಪರದೇಶದವರು ಎಡವುವದು ಪೇಟೆಯಲ್ಲಿ. ಬೆಲೆಯನ್ನು ಕೇಳಿದರೆ ಅಂಗಡಿಕಾರನು 'ಕಾಬೆಲ್ ನದಾರೆ' ಎನ್ನುವನು. ತಮ್ಮ ಮುಂದೆ ಇದಕ್ಕೇನು ಬೆಲೆ ಎಂದರ್ಥ. ಅದನ್ನು ನಂಬಿ, ವಂದಿಸಿ, ಸಾಮಾನೆತ್ತಿಕೊಂಡು ಹೊರಟರೆ ಕಳ್ಳತನವಾದೀತು! ಉಪಕಾರವನ್ನು ನೆನೆದು ಬೆಲೆಯನ್ನು ಮತ್ತೆ ಕೇಳಬೇಕು. ಎರಡು ಮೂರು ಸಲ ಕೇಳಿದ ಬಳಿಕ ಅವನು ಸಂಕೋಚದಿಂದೆಂಬಂತೆ ಹೇಳುವನು, ಹಣವನ್ನು ಮಾತ್ರ ಸರಿಯಾಗಿ ಎಣಿಸಿಕೊಳ್ಳುವನು.