ಓಡದೇ ಉಳಿದ ಕೆಲಸವನ್ನು ಹಿಡಿಯುವ ಬಗೆ

ಬೆಳಿಗ್ಗೆ ಮಾರಾಟದ ವರದಿ ತೆರೆದರೆ ನಿನ್ನೆಯ ಅಂಕಿಗಳಿಲ್ಲ, ಮೊನ್ನೆಯವೇ ಇವೆ. ರಾತ್ರಿ 2 ಗಂಟೆಗೆ ಓಡಿ ಡೇಟಾ ಹೊಸದು ಮಾಡಬೇಕಿದ್ದ ಕೆಲಸದ ಲಾಗ್ ನೋಡಿದರೆ ಅದರಲ್ಲಿ ಒಂದೂ ಎರರ್ ಇಲ್ಲ, ಆ ರಾತ್ರಿಯ ಒಂದು ಸಾಲೂ ಇಲ್ಲ. ಕೆಲಸ ನಡುವೆ ಕೆಟ್ಟು ನಿಂತಿದ್ದಲ್ಲ, ಶುರುವೇ ಆಗಿಲ್ಲ. ಲಾಗ್ ಬರೆಯುವುದು ಓಡುತ್ತಿರುವ ಪ್ರೋಗ್ರಾಂ. ಓಡದ ಪ್ರೋಗ್ರಾಂ ತಾನು ಓಡಲಿಲ್ಲ ಎಂದು ಎಲ್ಲಿಯೂ ಬರೆದಿಡುವುದಿಲ್ಲ. ಕಳೆದ ನಾಲ್ಕು ದಶಕಗಳಲ್ಲಿ ಸಿಸ್ಟಂ ನೋಡಿಕೊಳ್ಳುವವರು ಈ ಕೊರತೆಯನ್ನು ಹೇಗೆ ತುಂಬುತ್ತ ಬಂದರು ಎಂಬುದೇ ಹಾರ್ಟ್‌ಬೀಟ್ ತಪಾಸಣೆಯ ಕತೆ.

ಯುನಿಕ್ಸ್‌ನ ಕ್ರಾನ್ 1979ರ ಏಳನೇ ಆವೃತ್ತಿಯಲ್ಲೇ ಇತ್ತು. ಪಾಲ್ ವಿಕ್ಸಿ 1987ರಲ್ಲಿ ಹೊರತಂದ ಕ್ರಾನ್ ಮುಂದೆ ಲಿನಕ್ಸ್ ಸರ್ವರ್‌ಗಳಿಗೆಲ್ಲ ಹರಡಿತು. ಅದರ ವರದಿ ಪದ್ಧತಿ ಬಲು ಸರಳ: ಕೆಲಸ ಏನಾದರೂ ಮುದ್ರಿಸಿದರೆ ಅದನ್ನು ಮೇಲ್ ಮಾಡುತ್ತದೆ, ಏನೂ ಮುದ್ರಿಸದಿದ್ದರೆ ಸುಮ್ಮನಿರುತ್ತದೆ. ಹಾಗಾಗಿ ಮೇಲ್ ಬರದಿದ್ದರೆ ಎಲ್ಲ ಸರಿಯಾಗಿದೆ ಎಂಬ ರೂಢಿ ಬೆಳೆಯಿತು. ಆದರೆ ಸರ್ವರ್ ಆಫ್ ಆಗಿದ್ದರೂ ಮೇಲ್ ಬರುವುದಿಲ್ಲ, ಹೊಸ ಸರ್ವರ್‌ಗೆ ಹೋಗುವಾಗ ಕ್ರಾನ್‌ಟ್ಯಾಬ್ ನಕಲು ಮಾಡಲು ಮರೆತಿದ್ದರೂ ಬರುವುದಿಲ್ಲ. ಎರಡು ವಿರುದ್ಧ ಸ್ಥಿತಿಗಳಿಗೆ ಒಂದೇ ಮೌನ.

ಈಗಿನ ಶೆಡ್ಯೂಲರ್‌ಗಳಲ್ಲೂ ಹೀಗೆ ಸದ್ದಿಲ್ಲದೆ ನಿಲ್ಲುವ ದಾರಿಗಳಿವೆ. 60 ದಿನ ಯಾವ ಚಟುವಟಿಕೆಯೂ ಇಲ್ಲದ ಸಾರ್ವಜನಿಕ ರೆಪೊಸಿಟರಿಯ ನಿಗದಿತ ಕೆಲಸಗಳನ್ನು ಗಿಟ್‌ಹಬ್ ಆಕ್ಷನ್ಸ್ ತಾನೇ ನಿಲ್ಲಿಸುತ್ತದೆ. ಪವರ್ ಬಿಐ ಸತತ ನಾಲ್ಕು ಸಲ ಸೋತ ರಿಫ್ರೆಶ್‌ನ ವೇಳಾಪಟ್ಟಿಯನ್ನು ಸ್ಥಗಿತಗೊಳಿಸುತ್ತದೆ. ಆಮೇಲಿನ ದಿನಗಳಲ್ಲಿ ಹೊಸ ಎರರ್ ಹುಟ್ಟುವ ಪ್ರಶ್ನೆಯೇ ಇಲ್ಲ. ಅಮೆರಿಕದ ಸರ್ವರ್‌ಗಳನ್ನು ನೋಡಿಕೊಳ್ಳುವ ಬೆಂಗಳೂರಿನ ತಂಡಗಳಿಗೆ ಇನ್ನೊಂದು ದಾರಿ ಪರಿಚಯವಿರಬೇಕು. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ 2ರಿಂದ ನೇರ 3 ಗಂಟೆಗೆ ಜಿಗಿಯುತ್ತದೆ. ಸ್ಥಳೀಯ ಸಮಯ 2:30ಕ್ಕೆ ಇಟ್ಟ ಕೆಲಸವನ್ನು ಕೆಲವು ಶೆಡ್ಯೂಲರ್‌ಗಳು ಅಂದು ಬಿಟ್ಟೇ ಬಿಡುತ್ತವೆ.

ಮೌನವನ್ನೇ ಅಪಾಯದ ಸೂಚನೆಯಾಗಿ ಓದುವ ಉಪಾಯ ಕಂಪ್ಯೂಟರಿಗಿಂತ ಹಳೆಯದು. ರೈಲು ಚಾಲಕ ಹಿಡಿಕೆಯನ್ನು ಒತ್ತಿ ಹಿಡಿದಿರುವವರೆಗೆ ಮಾತ್ರ ಗಾಡಿ ಓಡುತ್ತದೆ, ಕೈ ಬಿಟ್ಟರೆ ಬ್ರೇಕ್ ಬೀಳುತ್ತದೆ. ಸರ್ವರ್ ನಿಗಾ ವ್ಯವಸ್ಥೆಗಳ ಪೈಕಿ ಇದನ್ನು ಚೆನ್ನಾಗಿ ಅಳವಡಿಸಿಕೊಂಡಿದ್ದು ನಾಗಿಯೋಸ್. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಲ್ಲಿ ಬಂದ ಈ ವ್ಯವಸ್ಥೆಗೆ ಕೆಲಸಗಳು ತಮ್ಮ ಫಲಿತಾಂಶವನ್ನು ತಾವೇ ಕಳಿಸಬಹುದಿತ್ತು. `check_freshness` ಹಾಕಿ `freshness_threshold` ಕೊಟ್ಟರೆ, ಅಷ್ಟು ಸೆಕೆಂಡುಗಳಲ್ಲಿ ಹೊಸ ಫಲಿತಾಂಶ ಬರದಾಗ ನಾಗಿಯೋಸ್ ತಾನಾಗಿ ಒಂದು ತಪಾಸಣೆ ಓಡಿಸುತ್ತಿತ್ತು. ಆ ತಪಾಸಣೆ ಯಾವಾಗಲೂ ಅಪಾಯವೆಂದೇ ಹೇಳುವಂತೆ ಬರೆದಿಡುವುದು ವಾಡಿಕೆ. ಅಲ್ಲಿಗೆ ಪ್ರಶ್ನೆಯೇ ಬದಲಾಯಿತು. ಏನು ತಪ್ಪಾಯಿತು ಎಂದು ಕೇಳುವ ಬದಲು, ಕೊನೆಯ ಸಲ ಸರಿಯಾಗಿ ಮುಗಿದು ಎಷ್ಟು ಹೊತ್ತಾಯಿತು ಎಂದು ಕೇಳತೊಡಗಿದರು. ಈ ಕ್ಷೇತ್ರದ ನಿಜವಾದ ತಿರುವು ಇದೇ ಎಂದು ನನ್ನ ನಂಬಿಕೆ. ಮುಂದೆ ಬಂದ ಉಪಕರಣಗಳೆಲ್ಲ ಇದೇ ಪ್ರಶ್ನೆಯನ್ನು ಇನ್ನಷ್ಟು ಸುಲಭವಾಗಿ ಕೇಳುವುದನ್ನು ಕಲಿತವು.

2010ರ ದಶಕದಲ್ಲಿ ಡೆಡ್ ಮ್ಯಾನ್ಸ್ ಸ್ನಿಚ್, ಕ್ರಾನಿಟರ್, ಹೆಲ್ತ್‌ಚೆಕ್ಸ್ ಎಂಬ ಸೇವೆಗಳು ಇದನ್ನು ಒಂದು ವೆಬ್ ವಿಳಾಸಕ್ಕೆ ಇಳಿಸಿದವು. ಕೆಲಸ ಮುಗಿದಾಗ ಆ ವಿಳಾಸಕ್ಕೆ ಪಿಂಗ್ ಹೋಗಬೇಕು. ಹೋಗದಿದ್ದರೆ ಸೇವೆ ನಿಮ್ಮನ್ನು ಎಬ್ಬಿಸುತ್ತದೆ.

```
0 2 * * * /opt/jobs/refresh.sh && curl -fsS -m 10 --retry 5 -o /dev/null https://hc-ping.com/<uuid>
```

ಇಲ್ಲಿ `&&` ಇರುವುದರಲ್ಲಿಯೇ ಎಲ್ಲವೂ ಇದೆ. ಆ ಜಾಗದಲ್ಲಿ `;` ಬರೆದರೆ ಕೆಲಸ ಸೋತರೂ ಪಿಂಗ್ ಹೋಗುತ್ತದೆ. ಸ್ಕ್ರಿಪ್ಟ್ ಒಳಗೆ `pg_dump mydb | gzip > out.gz` ಇದ್ದರೆ ಮತ್ತೊಂದು ಮೋಸವಿದೆ. ಶೆಲ್ ಗಮನಿಸುವುದು ಕೊನೆಯ `gzip`ನ ಫಲಿತಾಂಶವನ್ನು ಮಾತ್ರ. `pg_dump` ಕೆಟ್ಟರೂ ಖಾಲಿ ಕಡತವೊಂದು ಅಚ್ಚುಕಟ್ಟಾಗಿ ಸಂಕುಚಿತಗೊಂಡು, ಯಶಸ್ಸಿನ ಪಿಂಗ್ ಹೊರಡುತ್ತದೆ. ಬ್ಯಾಶ್‌ನಲ್ಲಿ `set -euo pipefail` ಮೇಲಿಟ್ಟರೆ ಇದು ತಪ್ಪುತ್ತದೆ. ರಿಫ್ರೆಶ್ ಕೆಲಸಕ್ಕೆ ನಾನು ಇನ್ನೂ ಒಂದು ಹೆಜ್ಜೆ ಸೇರಿಸುತ್ತೇನೆ: ಟೇಬಲ್‌ನ ತೀರಾ ಹೊಸ ಸಾಲಿನ ತಾರೀಖು ನೋಡಿ, ಅದು ನಿರೀಕ್ಷಿಸಿದ ದಿನದ್ದಾಗಿದ್ದರೆ ಮಾತ್ರ ಪಿಂಗ್ ಕಳಿಸುವುದು.

ಇನ್ನು ಎಷ್ಟು ಹೊತ್ತು ಕಾಯಬೇಕು ಎಂಬ ಲೆಕ್ಕ. ಕೆಲಸ 2 ಗಂಟೆಗೆ ಶುರುವಾಗಿ ಸಾಮಾನ್ಯವಾಗಿ 20 ನಿಮಿಷ, ತಿಂಗಳ ಕೊನೆಯಲ್ಲಿ 40 ನಿಮಿಷ ಹಿಡಿಯುತ್ತದೆ ಎನ್ನಿ. ಕೊನೆಯ ಪಿಂಗ್‌ನಿಂದ 26 ಗಂಟೆ ಕಳೆದರೆ ಅಲರ್ಟ್ ಎಂದು ಇಡುವವರು ಬಹಳ ಮಂದಿ. ಸೋಮವಾರ ಸಂಜೆ 4ಕ್ಕೆ ಯಾರೋ ಅದೇ ಕೆಲಸವನ್ನು ಕೈಯಾರೆ ಓಡಿಸಿದರು. ಮಂಗಳವಾರ ರಾತ್ರಿ 2ರ ಸರದಿ ತಪ್ಪಿತು. ಲೆಕ್ಕ ಶುರುವಾಗುವುದು ಆ ಕೆಲಸ ಮುಗಿದ ಸಂಜೆ 4:20ರಿಂದ, ಹಾಗಾಗಿ ಅಲರ್ಟ್ ಬರುವುದು ಮಂಗಳವಾರ ಸಂಜೆ 6:20ಕ್ಕೆ. ಅಷ್ಟರಲ್ಲಿ ಇಡೀ ದಿನ ಹಳೆಯ ಅಂಕಿಗಳ ಮೇಲೆ ಕೆಲಸ ನಡೆದುಹೋಗಿರುತ್ತದೆ. ಇದರ ಬದಲು ಕ್ರಾನ್‌ನ ವೇಳಾಪಟ್ಟಿಯನ್ನೇ ತಪಾಸಣೆಗೂ ಕೊಟ್ಟು, 2 ಗಂಟೆಯಿಂದ 60 ನಿಮಿಷ ವಿನಾಯಿತಿ ಇಟ್ಟರೆ 3 ಗಂಟೆಗೇ ಗೊತ್ತಾಗುತ್ತದೆ. ಟೈಮ್‌ಝೋನ್ ಎರಡೂ ಕಡೆ ಒಂದೇ ಇರಬೇಕು, ಅಷ್ಟೆ.

ಇದೇ ಕಾಲದಲ್ಲಿ ಪ್ರೊಮೀಥಿಯಸ್ ಬಳಸುವ ತಂಡಗಳು ಯಶಸ್ಸಿನ ಸಮಯವನ್ನು ಒಂದು ಸಂಖ್ಯೆಯಾಗಿ ಪುಷ್‌ಗೇಟ್‌ವೇಗೆ ಕಳಿಸುವ ದಾರಿ ಹಿಡಿದವು. ಸಮಯದ ಬದಲು `1` ಎಂಬ ಸ್ಥಿತಿ ಕಳಿಸಿದವರು ಏಟು ತಿಂದರು. ಪುಷ್‌ಗೇಟ್‌ವೇ ಕೊನೆಗೆ ಬಂದ ಮೌಲ್ಯವನ್ನು ತಾನಾಗಿ ಅಳಿಸುವುದಿಲ್ಲ. ಕೆಲಸ ವಾರಗಟ್ಟಲೆ ಓಡದಿದ್ದರೂ `1` ಹಾಗೇ ಹಸಿರಾಗಿ ನಿಂತಿರುತ್ತದೆ. ಸಮಯ ಕಳಿಸಿದರೂ ಒಂದು ತೂತು ಉಳಿಯುತ್ತದೆ. ಗೇಟ್‌ವೇ ಮರುಶುರುವಾಗಿ ಆ ಸಂಖ್ಯೆಯೇ ಮಾಯವಾದರೆ ಈಗಿನ ಸಮಯದಿಂದ ಕಳೆಯಲು ಏನೂ ಸಿಗದೆ ಅಲರ್ಟ್ ನಿಯಮ ಸುಮ್ಮನಾಗುತ್ತದೆ. ಅದಕ್ಕೇ ಎರಡನೆಯ ಸಾಲು:

```
time() - refresh_last_success_timestamp_seconds > 93600
or absent(refresh_last_success_timestamp_seconds)
```

ಇವೆಲ್ಲ ಯಾಕೆ ಬೇಕೆಂದು 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ನಡೆದದ್ದು ತೋರಿಸಿತು. ಇಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಡೇಟಾಬೇಸ್‌ನ ಡೇಟಾ ಅಳಿಸಿದಾಗ ಎಲ್ಲರೂ ಎಸ್3ಯಲ್ಲಿನ ನಿತ್ಯದ ಬ್ಯಾಕಪ್ ಹುಡುಕಿದರು. ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಓಡುತ್ತಿದ್ದ `pg_dump` 9.2, ಆವೃತ್ತಿ ಹೊಂದದೆ ಅದು ಪ್ರತಿ ಸಲ ಎರರ್ ಕೊಟ್ಟು ನಿಲ್ಲುತ್ತಿತ್ತು. ಕ್ರಾನ್ ಆ ಎರರ್‌ಗಳನ್ನು ಮೇಲ್ ಮಾಡುತ್ತಲೂ ಇತ್ತು, ಆದರೆ ಡಿಮಾರ್ಕ್ ನಿಯಮಕ್ಕೆ ಹೊಂದದ ಆ ಮೇಲ್‌ಗಳು ತಿರಸ್ಕೃತವಾಗುತ್ತಿದ್ದವು. ಕೊನೆಗೆ, ಸುಮಾರು ಆರು ಗಂಟೆ ಮೊದಲು ಬೇರೆ ಕಾರಣಕ್ಕೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಇಲ್ಲಿ ಕೆಲಸ ಶುರುವಾಗುತ್ತಿತ್ತು ನಿಜ. ಆದರೂ ಎಸ್3ಯಲ್ಲಿ 24 ಗಂಟೆಯೊಳಗಿನ ಕಡತ ಇದೆಯೇ ಎಂದು ಹೊರಗಿನಿಂದ ಕೇಳುವ ಒಂದು ತಪಾಸಣೆ ಇದ್ದಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು. ಕೆಲಸ ಸೋತಿತೋ, ಓಡಲೇ ಇಲ್ಲವೋ, ಮೇಲ್ ಕಳೆದುಹೋಯಿತೋ ಎಂಬುದನ್ನು ಅದು ಅರಿಯಬೇಕಾಗಿಯೇ ಇರಲಿಲ್ಲ.

ಉಳಿದ ಪ್ರಶ್ನೆ, ಕಾಯುವವನನ್ನು ಕಾಯುವವರು ಯಾರು ಎಂಬುದು. ಕುಬರ್ನೆಟೀಸ್ ಜೊತೆ ಪ್ರೊಮೀಥಿಯಸ್ ಬಳಸುವವರಿಗೆ ಸಿಗುವ ಸಿದ್ಧ ನಿಯಮಗಳಲ್ಲಿ `Watchdog` ಎಂಬ ಅಲರ್ಟ್ ಇದೆ. ಅದು ಸದಾ ಮೊಳಗುತ್ತಲೇ ಇರುತ್ತದೆ. ಅದನ್ನು ಹೊರಗಿನ ಹಾರ್ಟ್‌ಬೀಟ್ ಸೇವೆಯೊಂದಕ್ಕೆ ಕಳಿಸಿಟ್ಟರೆ, ನಿಗಾ ವ್ಯವಸ್ಥೆ ತಾನೇ ಸತ್ತ ದಿನ ಆ ಸೇವೆಗೆ ಸದ್ದು ನಿಂತದ್ದು ಗೊತ್ತಾಗುತ್ತದೆ. ಆ ಸೇವೆಯ ಕರೆ ಬರುವ ದಾರಿ ನಿಮ್ಮ ಸರ್ವರ್‌ನ ಮೇಲ್, ನಿಮ್ಮ ನೆಟ್‌ವರ್ಕ್ ಯಾವುದನ್ನೂ ಮುಟ್ಟಬಾರದು. ರಿಫ್ರೆಶ್ ಕೆಲಸದ ತಪಾಸಣೆ ನಿಜಕ್ಕೂ ಎಚ್ಚರಿಸುತ್ತದೋ ಎಂದು ತಿಳಿಯಲು, ಕ್ರಾನ್‌ಟ್ಯಾಬ್‌ನಲ್ಲಿ ಅದರ ಸಾಲಿನ ಮುಂದೆ ಒಂದು ರಾತ್ರಿ `#` ಹಾಕಿ, 3 ಗಂಟೆಗೆ ಯಾರ ಫೋನ್ ಬಡಿಯುತ್ತದೆ ಎಂದು ನೋಡಿದರೆ ಸಾಕು.