ಧಸಕ್

ಎದೆ ಒಂದು ಬಡಿತ ತಪ್ಪಿದಂತೆ ಅನಿಸಿದಾಗ ರೋಣ, ನರಗುಂದ, ಗಜೇಂದ್ರಗಡದ ಕಡೆ ‘ಎದಿ ಧಸಕ್ ಅಂತು’ ಅನ್ನುತ್ತಾರೆ. ಹೆದರಿದಾಗಲೂ ಇದೇ ಮಾತು. ಸದ್ದಿನಿಂದಲೇ ಹುಟ್ಟಿದ ಈ ಅನುಕರಣ ಪದ ‘ಬಡಿತ ತಪ್ಪಿತು’ ಎಂಬುದಕ್ಕಿಂತ ನಿಜಕ್ಕೆ ಹತ್ತಿರ. ಒಂದು ಬಡಿತ ಹೊತ್ತಿಗೆ ಮುಂಚೆಯೇ ಬಂದಾಗ ಹೃದಯದಲ್ಲಿ ರಕ್ತ ಪೂರ್ತಿ ತುಂಬಿರುವುದಿಲ್ಲ. ಅದರ ಬೆನ್ನಿಗೆ ತುಸು ಬಿಡುವು, ಆಮೇಲೆ ಚೆನ್ನಾಗಿ ತುಂಬಿಕೊಂಡ ಹೃದಯದ ಜೋರು ಬಡಿತ. ಹೆಚ್ಚಾಗಿ ಧಸಕ್ ಎನ್ನುವುದು ಅದೇ. ಆದರೆ ಮಣಿಕಟ್ಟಿನ ನಾಡಿಯಲ್ಲಿ ಒಂದು ಬಡಿತ ಸಿಗುವುದೇ ಇಲ್ಲವಲ್ಲ ಎಂದು ಕೇಳಬಹುದು. ಹೃದಯ ಬಡಿದಿರುತ್ತದೆ, ಅರೆತುಂಬಿದ ಆ ಬಡಿತದ ಅಲೆ ಕೈವರೆಗೆ ಮುಟ್ಟಿರುವುದಿಲ್ಲ, ಅಷ್ಟೇ. ಇಸಿಜಿ, ಎಕೋ ಸರಿಯಿದ್ದು, ಕುಳಿತಾಗ ಕಾಣಿಸಿ ನಡೆದಾಡಿದಾಗ ಮರೆಯಾಗುವ ಅಪರೂಪದ ಧಸಕ್ ಸಾಮಾನ್ಯವಾಗಿ ನಿರಪಾಯಕಾರಿ. ಶ್ರಮಪಟ್ಟಾಗ ಹೆಚ್ಚಿದರೆ, ಡವಡವ ನಿಲ್ಲದಿದ್ದರೆ, ಎದೆ ನೋವಾದರೆ, ಪ್ರಜ್ಞೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.